ಸೀಲಕ್ಕನ ಥರ್ಮಾಮೀಟರ್

ಸಸ್ಯವಿಜ್ಞಾನ ವಿಭಾಗದ ದುಂಡು ಸೀಲು ವಿಭಾಗದ ಬೀರುವಿನಲ್ಲಿ ಬೀಗದೊಳಗೆ ಇರಬೇಕೆಂಬುದು ನಿಯಮ. ಅದು ಇರುತ್ತಿದ್ದದ್ದು ಗುಮಾಸ್ತೆಯ ಕೈಚೀಲದಲ್ಲಿ, ಕನ್ನಡಕದ ಡಬ್ಬಿಗೂ ತಲೆನೋವಿನ ಮಾತ್ರೆಗೂ ನಡುವೆ. ಸಂಜೆ ಅದು ಅವಳ ಜೊತೆ ಬಸ್ಸು ಹತ್ತುತ್ತಿತ್ತು, ಬೆಳಿಗ್ಗೆ ಅವಳ ಜೊತೆ ಇಳಿಯುತ್ತಿತ್ತು. ಭಾನುವಾರ ಇಬ್ಬರಿಗೂ ರಜೆ. ಇದರಿಂದಾಗಿ ಅವಳಿಗೆ ಸೀಲಕ್ಕ ಎಂಬ ಹೆಸರು ಬಿತ್ತು. ಹುಟ್ಟಿದಾಗ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿಯಿತು.

ಇಪ್ಪತ್ತಾರು ವರ್ಷಗಳಲ್ಲಿ ಆ ವಿಭಾಗಕ್ಕೆ ಐದು ಮಂದಿ ಮುಖ್ಯಸ್ಥರು ಬಂದುಹೋದರು. ಐವರೂ ತಾವೇ ವಿಭಾಗ ನಡೆಸುತ್ತಿದ್ದೇವೆ ಎಂದುಕೊಂಡಿದ್ದರು. ಸೀಲಕ್ಕ ಅವರನ್ನು ಹಾಗೆಯೇ ಅಂದುಕೊಳ್ಳಲು ಬಿಟ್ಟಿದ್ದಳು. ಪರೀಕ್ಷೆಯ ಶುಲ್ಕ, ರಜೆಯ ಅರ್ಜಿ, ಪ್ರಯೋಗಾಲಯದ ಬೇಡಿಕೆ ಪಟ್ಟಿ, ಕಿಟಕಿಯ ಒಡೆದ ಗಾಜು, ಎಲ್ಲವೂ ಅವಳ ಮೇಜಿನ ಮೂರು ತಟ್ಟೆಗಳ ಮೂಲಕವೇ ಹಾಯಬೇಕು. ಒಂದರ ಮೇಲೆ ‘ಒಳಬಂದದ್ದು’, ಇನ್ನೊಂದರ ಮೇಲೆ ‘ಹೊರಹೋಗುವುದು’ ಎಂದು ಚೀಟಿ ಅಂಟಿಸಿತ್ತು. ಮೂರನೆಯದರ ಮೇಲೆ ‘ಪರಿಶೀಲನೆಯಲ್ಲಿ’ ಎಂದಿತ್ತು. ಆ ಮೂರನೆಯ ತಟ್ಟೆಗೆ ಬಿದ್ದ ಕಾಗದ ಮತ್ತೆ ಬೆಳಕು ಕಂಡದ್ದನ್ನು ನೋಡಿದವರು ಯಾರೂ ಇರಲಿಲ್ಲ.

ಆದರೆ ಅವಳ ನಿಜವಾದ ಸಾಮ್ರಾಜ್ಯವಿದ್ದದ್ದು ಶಿಫಾರಸು ಪತ್ರಗಳಲ್ಲಿ.

ಅದು ಶುರುವಾದದ್ದು ಹತ್ತೊಂಬತ್ತು ವರ್ಷಗಳ ಹಿಂದೆ. ಆಗಿನ್ನೂ ತಲೆತುಂಬ ಕಪ್ಪು ಕೂದಲಿದ್ದ, ವಿಭಾಗದಲ್ಲಿ ಇಂದಿಗೂ ಕಲಿಸುತ್ತಿರುವ ಪ್ರೊಫೆಸರರ ಬಳಿಗೆ ಒಬ್ಬ ಹುಡುಗ ಬಂದು, ಹೊರದೇಶದಲ್ಲಿ ಸ್ನಾತಕೋತ್ತರ ಓದಿಗೆ ಅರ್ಜಿ ಹಾಕುತ್ತಿದ್ದೇನೆ, ತಮ್ಮದೊಂದು ಪತ್ರ ಬೇಕು ಎಂದ. ಪ್ರೊಫೆಸರರು ಸೀಲಕ್ಕನನ್ನು ಕರೆದು ಎರಡು ಸಾಲು ಹೇಳಿದರು: ಹುಡುಗ ಒಳ್ಳೆಯವನು, ಶ್ರಮಜೀವಿ.

“ಸರ್, ಇಷ್ಟಕ್ಕೆ ಅವರು ಸೀಟು ಕೊಡ್ತಾರಾ? ಒಂದು ನಿರ್ದಿಷ್ಟ ಘಟನೆ ಸಹಿತ ವಿವರಿಸಿ ಅಂತ ಫಾರಮ್ಮಲ್ಲಿದೆ” ಎಂದಳು ಸೀಲಕ್ಕ.

“ಏನಾದ್ರೂ ಹಾಕಮ್ಮ, ನಂಗೆ ಕ್ಲಾಸಿದೆ” ಎಂದು ಪ್ರೊಫೆಸರರು ಚಾಕ್‌ಪೀಸು ಹಿಡಿದು ಹೊರಟೇಹೋದರು.

ಸೀಲಕ್ಕ ಪೆನ್ನಿನ ತುದಿ ಕಚ್ಚುತ್ತ ಬಾಗಿಲಾಚೆ ನೋಡಿದಳು. ಎದುರಿನ ಪ್ರಯೋಗಾಲಯದಲ್ಲಿ ಬೀಜ ಮೊಳೆಯಿಸುವ ಕಬ್ಬಿಣದ ಪೆಟ್ಟಿಗೆ ಕಾಣಿಸಿತು. ಎಲ್ಲರೂ ಅದನ್ನು ಮೊಳಕೆ ಪೆಟ್ಟಿಗೆ ಎನ್ನುತ್ತಿದ್ದರು. ಅದರ ಬಾಗಿಲ ಮೇಲೆ ಗೋಡೆ ಗಡಿಯಾರದಂಥ ದುಂಡು ಮುಖದ ಥರ್ಮಾಮೀಟರ್ ಇತ್ತು. ಅಷ್ಟೇ, ಅವಳ ನೆತ್ತಿಯಲ್ಲಿ ದೀಪ ಹತ್ತಿತು. “ಎಲ್ಲರೂ ವರ್ಷಗಟ್ಟಲೆ ನಂಬಿಕೊಂಡಿದ್ದ ಥರ್ಮಾಮೀಟರ್ ಎರಡು ಡಿಗ್ರಿ ತಪ್ಪು ತೋರಿಸುತ್ತಿದೆ ಎಂಬುದನ್ನು ಈ ವಿದ್ಯಾರ್ಥಿ ತಾನೇ ಸಂಶಯಪಟ್ಟು, ತಾನೇ ಪರೀಕ್ಷಿಸಿ ಕಂಡುಹಿಡಿದನು” ಎಂದು ಟೈಪು ಮಾಡಿದಳು. ಪೂರಾ ಸುಳ್ಳು. ಆ ಹುಡುಗ ಥರ್ಮಾಮೀಟರ್ ಕಡೆ ಕತ್ತೆತ್ತಿಯೂ ನೋಡಿದವನಲ್ಲ. ಪ್ರೊಫೆಸರರು ಓದದೆ ಸಹಿ ಹಾಕಿದರು, ಸೀಲಕ್ಕ ಸೀಲು ಒತ್ತಿದಳು, ಹುಡುಗ ವಿಮಾನ ಹತ್ತಿದ.

ಗೆದ್ದ ಕುದುರೆಯನ್ನು ಯಾರು ಲಾಯದಲ್ಲಿ ಕಟ್ಟಿಹಾಕುತ್ತಾರೆ? ಅಂದಿನಿಂದ ಅದೇ ಮೂಲಪತ್ರವಾಯಿತು. ಹೆಸರು, ವರ್ಷ, ಅಂಕ ಬದಲಾಗುತ್ತಿದ್ದವು. ಉಳಿದಂತೆ ಪ್ರತಿಯೊಬ್ಬರೂ ಪ್ರೊಫೆಸರರು ಈವರೆಗೆ ಕಲಿಸಿದವರಲ್ಲಿ ‘ಮೊದಲ ಐದು ಶೇಕಡಾ’ದವರೇ. ಒಂದು ಮಧ್ಯಾಹ್ನ ಕೆಲಸವಿಲ್ಲದೆ ಲೆಕ್ಕ ಹಾಕಿದಾಗ ವಿಭಾಗದ ಅರ್ಧಕ್ಕರ್ಧ ಮಕ್ಕಳು ಆ ಐದು ಶೇಕಡಾದೊಳಗೆ ಒತ್ತಿಕೊಂಡು ಕೂತಿರುವುದು ಗೊತ್ತಾಗಿ ಸೀಲಕ್ಕನಿಗೇ ಉಸಿರು ಕಟ್ಟಿತು. ಕಾಲ ಬದಲಾಯಿತು, ಲಕೋಟೆ ಹೋಗಿ ಇಮೇಲ್ ಬಂತು. ಈಗ ವಿದ್ಯಾರ್ಥಿ ಅರ್ಜಿಯಲ್ಲಿ ಪ್ರೊಫೆಸರರ ವಿಳಾಸ ಕೊಟ್ಟರೆ ಅಲ್ಲಿಂದ ನೇರ ಪ್ರೊಫೆಸರರಿಗೆ ಒಂದು ಲಿಂಕು ಬರುತ್ತದೆ. ಎಷ್ಟು ವರ್ಷದಿಂದ ಬಲ್ಲಿರಿ, ಯಾವ ಮಟ್ಟದವರು ಎಂಬ ಚೌಕಗಳಿಗೆ ಗುರುತು ಹಾಕಿ, ವಿಭಾಗದ ತಲೆಬರಹವಿರುವ ಹಾಳೆಯಲ್ಲಿ ಬರೆದು ಸಹಿ ಮಾಡಿದ ಪತ್ರವನ್ನು ಏರಿಸಬೇಕು. ಪತ್ರವನ್ನು ನೋಡುವ ಹಕ್ಕು ನನಗೆ ಬೇಡ ಎಂದು ವಿದ್ಯಾರ್ಥಿ ಮೊದಲೇ ಬರೆದುಕೊಟ್ಟಿರಬೇಕು. ಅಂದರೆ ಅದು ಗುರು ಮತ್ತು ಆ ವಿಶ್ವವಿದ್ಯಾಲಯದ ನಡುವಿನ ಪರಮ ಗುಟ್ಟು. ಗುಟ್ಟಿನ ಪಾಸ್‌ವರ್ಡ್ ಸೀಲಕ್ಕನ ಗೋಡೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿತ್ತು.

ಹೀಗೆ ಆ ದೇಶ ಈ ದೇಶ ಎನ್ನದೆ ಮಕ್ಕಳನ್ನು ಕಡಲು ದಾಟಿಸುತ್ತ, ತಾನು ಮಾತ್ರ ಹದಿನೇಳನೇ ನಂಬರಿನ ಬಸ್ಸು ದಾಟದೆ ಕುಳಿತಿದ್ದ ಸೀಲಕ್ಕನ ಮೇಲೆ ಒಂದು ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ಸಿಡಿಲು ಬಡಿಯಿತು.

ಎಂದಿನಂತೆ ಪ್ರೊಫೆಸರರ ಇಮೇಲ್ ತೆರೆದಳು. ಪ್ರೊಫೆಸರರು ಬೇರೊಂದು ಕಾಲೇಜಿಗೆ ಪರೀಕ್ಷಕರಾಗಿ ಹೋಗಿದ್ದರು, ಬುಧವಾರ ಬರುವವರು. ಮೇಲ್ ಬಂದದ್ದು ಹೊರದೇಶದ ವಿಶ್ವವಿದ್ಯಾಲಯದ ಪ್ರವೇಶ ಸಮಿತಿಯಿಂದ. ಬಹಳ ವಿನಯದ ಭಾಷೆ. ಆ ವಿನಯ ನೋಡಿಯೇ ಸೀಲಕ್ಕ ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು.

‘ತಾವು ಈ ಅಭ್ಯರ್ಥಿಯ ಬಗ್ಗೆ ಕಳಿಸಿದ ಪತ್ರ ತಲುಪಿದೆ. ಥರ್ಮಾಮೀಟರ್ ದೋಷವನ್ನು ಅವರು ಕಂಡುಹಿಡಿದ ಘಟನೆಯನ್ನು ಆಸಕ್ತಿಯಿಂದ ಓದಿದೆವು. ಹೋದ ವರ್ಷ ಮತ್ತು ಅದರ ಹಿಂದಿನ ವರ್ಷ ತಾವು ಶಿಫಾರಸು ಮಾಡಿದ ಇಬ್ಬರು ಅಭ್ಯರ್ಥಿಗಳೂ ಅದೇ ದೋಷವನ್ನು ಅದೇ ಮಾತುಗಳಲ್ಲಿ ಕಂಡುಹಿಡಿದಿರುವುದನ್ನು ಗಮನಿಸಿದ್ದೇವೆ. ಈ ಪತ್ರವನ್ನು ಪರಿಗಣಿಸಲು ನಮಗೆ ಸಾಧ್ಯವಾಗುತ್ತಿಲ್ಲ. ತಾವೇ ಬರೆದ ಹೊಸ ಪತ್ರವನ್ನು ಗುರುವಾರ ನಮ್ಮ ಕಾಲಮಾನದ ಸಂಜೆ ಐದರೊಳಗೆ ಏರಿಸಬೇಕಾಗಿ ವಿನಂತಿ. ಅದಕ್ಕೂ ಮುನ್ನ ಸಮಿತಿಯ ಸದಸ್ಯರೊಬ್ಬರು ತಮ್ಮೊಡನೆ ಹತ್ತು ನಿಮಿಷ ಫೋನಿನಲ್ಲಿ ಮಾತಾಡಲು ಬಯಸುತ್ತಾರೆ. ತಪ್ಪಿದಲ್ಲಿ ಅರ್ಜಿಯನ್ನು ಅಪೂರ್ಣವೆಂದು ಭಾವಿಸಲಾಗುವುದು.’

ಸೀಲಕ್ಕ ಎದ್ದಳು. ಕೂತಳು. ಮತ್ತೆ ಎದ್ದು ಕಿಟಕಿ ತೆರೆದಳು, ಗಾಳಿ ಬಂದು ಕಾಗದಗಳು ಹಾರಿದವು, ಕಿಟಕಿ ಮುಚ್ಚಿದಳು. ನೀರು ಕುಡಿಯಲು ಹೋಗಿ ಲೋಟವನ್ನು ನಲ್ಲಿಯ ಹತ್ತಿರವೇ ಬಿಟ್ಟು ಬಂದಳು. ಅರ್ಧ ಗಂಟೆಯಲ್ಲಿ ಕಾರಿಡಾರನ್ನು ಎಂಟು ಸಲ ಅಳೆದಳು. ಜವಾನ ಕೇಳಿಯೇಬಿಟ್ಟ: “ಅಕ್ಕಾ, ಯಾರನ್ನಾದ್ರೂ ಹುಡುಕ್ತಿದೀರಾ?” ಅವಳು “ಹೌದಪ್ಪ, ನನ್ನ ಬುದ್ಧೀನ” ಎಂದಳು.

ಮೊದಲು ಹೊಳೆದದ್ದು ಹಳೆಯ ದಾರಿಯೇ. ತಾನೇ ಹೊಸ ಪತ್ರ ಬರೆದುಬಿಡುವುದು. ಥರ್ಮಾಮೀಟರ್ ಬದಲು ಸೂಕ್ಷ್ಮದರ್ಶಕ ಹಾಕಿದರಾಯಿತು! ಕೂತು ಎರಡು ಸಾಲು ಟೈಪೂ ಮಾಡಿದಳು. ಆಮೇಲೆ ಫೋನು ನೆನಪಾಯಿತು. ಪತ್ರವನ್ನೇನೋ ಸೀಲಕ್ಕ ಬರೆಯಬಹುದು, ಪ್ರೊಫೆಸರರ ಗಂಟಲನ್ನು ಎಲ್ಲಿಂದ ತರುವುದು? ಬೆರಳು ಕೀಲಿಮಣೆಯ ಮೇಲೆಯೇ ನಿಂತಿತು.

ಅಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿಯ ಸದ್ದಾಯಿತು. ಬಂದವಳು ಯಾಕಮ್ಮ.

ಆ ಅರ್ಜಿ ಇವಳದೇ. ಕೊನೆಯ ವರ್ಷದ ವಿದ್ಯಾರ್ಥಿನಿ. ಏನು ಹೇಳಿದರೂ ‘ಯಾಕೆ?’ ಎನ್ನುತ್ತಿದ್ದರಿಂದ ತರಗತಿಯವರು ಇಟ್ಟ ಹೆಸರು ಅದು, ಮೇಷ್ಟ್ರುಗಳೂ ಗುಟ್ಟಾಗಿ ಹಾಗೆಯೇ ಕರೆಯುತ್ತಿದ್ದರು. ತಾಯಿ ಹೊಲಿಗೆ ಅಂಗಡಿಯಲ್ಲಿ ಕಾಜಾ ಹಾಕುವವಳು. ಆ ವಿಶ್ವವಿದ್ಯಾಲಯ ವರ್ಷಕ್ಕೊಬ್ಬರಿಗೆ ಮಾತ್ರ ಪೂರ್ತಿ ವಿದ್ಯಾರ್ಥಿವೇತನ ಕೊಡುತ್ತಿತ್ತು. ಅದು ಸಿಕ್ಕರೆ ಓದು, ಇಲ್ಲದಿದ್ದರೆ ತಾಯಿಯ ಪಕ್ಕದಲ್ಲಿ ಇನ್ನೊಂದು ಹೊಲಿಗೆ ಯಂತ್ರ. ನಡುವೆ ಬೇರೆ ನಿಲ್ದಾಣವಿರಲಿಲ್ಲ.

“ಅಕ್ಕಾ, ಹೋದ ವಾರ ಪೋರ್ಟಲಲ್ಲಿ ಸರ್ ಪತ್ರ ‘ಸಲ್ಲಿಕೆಯಾಗಿದೆ’ ಅಂತಿತ್ತು. ಈಗ ನೋಡಿದ್ರೆ ‘ಬಾಕಿ’ ಅಂತಿದೆ. ಯಾಕೆ?”

ಸೀಲಕ್ಕ ಪರದೆಯನ್ನು ಮೆಲ್ಲಗೆ ಅತ್ತ ತಿರುಗಿಸಿದಳು. ಹುಡುಗಿಗೆ ಪತ್ರ ನೋಡುವ ಹಕ್ಕಿಲ್ಲ, ಆ ಇಮೇಲನ್ನು ತೋರಿಸುವ ಮುಖ ತನಗಿಲ್ಲ. “ಕಂಪ್ಯೂಟರಿಗೂ ಮರೆವು ಇರುತ್ತಮ್ಮ. ಸರ್ ನಾಳೆ ಬರ್ತಾರೆ, ಸರಿಹೋಗುತ್ತೆ.”

“ಸರಿಹೋಗ್ದಿದ್ರೆ?”

“ಹೋಗುತ್ತೆ ಅಂದ್ನಲ್ಲ.”

“ಯಾಕೆ ಕೈ ನಡುಗ್ತಿದೆ ನಿಮಗೆ?”

“ಏ ಹುಡುಗಿ, ನಂಗೆ ಐವತ್ತಾರು ವರ್ಷ. ನಡುಗೋದು ನನ್ನ ಹಕ್ಕು.”

ಯಾಕಮ್ಮ ನಗಲಿಲ್ಲ. ಹೊರಟವಳು ಬಾಗಿಲಲ್ಲಿ ತಿರುಗಿ, ಎಂಟು ತಿಂಗಳಿಂದ ವಾರಕ್ಕೊಮ್ಮೆ ತಪ್ಪದೆ ಕೇಳುತ್ತಿದ್ದ ಪ್ರಶ್ನೆಯನ್ನು ರೂಢಿಯಂತೆ ಇನ್ನೊಮ್ಮೆ ಕೇಳಿದಳು: “ಅಕ್ಕಾ, ನನ್ನ ಆ ಬೇಡಿಕೆ ಏನಾಯ್ತು?”

ಸೀಲಕ್ಕನೂ ಎಂಟು ತಿಂಗಳ ರೂಢಿಯಂತೆ ಉತ್ತರಿಸಿದಳು: “ಪರಿಶೀಲನೆಯಲ್ಲಿದೆ.” ಆಮೇಲೆ ಏನೋ ಚುಚ್ಚಿದಂತಾಗಿ ಕೇಳಿದಳು: “ಅದು ಯಾವುದಕ್ಕೆ ಬೇಡಿಕೆ?”

“ಥರ್ಮಾಮೀಟರಿಗೆ. ಮೊಳಕೆ ಪೆಟ್ಟಿಗೇದು ಮೂರು ಡಿಗ್ರಿ ತಪ್ಪು ತೋರಿಸ್ತಿದೆ ಅಂತ ಬರೆದುಕೊಟ್ಟಿದ್ನಲ್ಲ.”

ಹುಡುಗಿ ಹೋದದ್ದೇ ತಡ, ಸೀಲಕ್ಕ ಮೂರನೆಯ ತಟ್ಟೆಯನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಧೂಳೆದ್ದು ಸೀನು ಬಂತು. ಒಡೆದ ಗಾಜು, ಕೆಟ್ಟ ಫ್ಯಾನು, ಹಿಂದಿನ ಮುಖ್ಯಸ್ಥರ ಪಾದರಕ್ಷೆ ಸ್ಟ್ಯಾಂಡು, ಇವೆಲ್ಲದರ ಅಡಿಯಲ್ಲಿ ಮೂರು ಹಾಳೆ ಸಿಕ್ಕವು. ಹುಡುಗಿಯ ಸಣ್ಣ ನೇರ ಅಕ್ಷರ. ಭೌತವಿಜ್ಞಾನ ವಿಭಾಗದಿಂದ ಪ್ರಮಾಣೀಕರಿಸಿದ ಥರ್ಮಾಮೀಟರ್ ಎರವಲು ತಂದು, ಮೊದಲು ಅದನ್ನೇ ಕರಗುವ ಮಂಜುಗಡ್ಡೆಯಲ್ಲಿ ಅದ್ದಿ ಸೊನ್ನೆ ತೋರಿಸುತ್ತದೆಯೇ ಎಂದು ನೋಡಿ, ಆಮೇಲೆ ಹನ್ನೆರಡು ದಿನ ಪೆಟ್ಟಿಗೆಯೊಳಗಿಟ್ಟು ಎರಡನ್ನೂ ಓದಿ ಬರೆದಿದ್ದಳು. ಬಾಗಿಲ ಮೇಲಿನದು ಇಪ್ಪತ್ತೈದು ಎಂದಾಗಲೆಲ್ಲ ಒಳಗೆ ಇಪ್ಪತ್ತೆಂಟು. ಕೆಳಗೆ ಪ್ರೊಫೆಸರರ ಬರಹ: ‘ಮುಂದಿನ ಕ್ರಮಕ್ಕಾಗಿ.’ ಅವರು ಅದನ್ನೂ ಓದಿರಲಿಲ್ಲ, ಸಹಿ ನೋಡಿದರೇ ಗೊತ್ತಾಗುತ್ತಿತ್ತು. ಓದಿ ಹಾಕಿದ ಸಹಿ ಅಷ್ಟು ಸಂತೋಷವಾಗಿರುವುದಿಲ್ಲ.

ಹತ್ತೊಂಬತ್ತು ವರ್ಷ ಸುಳ್ಳಾಗಿದ್ದ ಮಾತು ಸೀಲಕ್ಕನಿಗೇ ಹೇಳದೆ ಕೇಳದೆ ನಿಜವಾಗಿ ಕೂತಿತ್ತು! ನಿಜವಾಗಿ ಕಂಡುಹಿಡಿದವಳು ಒಬ್ಬಳೇ ಒಬ್ಬಳು. ಅವಳ ಪಾಲಿನ ನಿಜವನ್ನು ಸೀಲಕ್ಕ ಮೊದಲೇ ಊರಿಗೆಲ್ಲ ಹಂಚಿ ಮುಗಿಸಿದ್ದಳು. ಈಗ ಆ ಹುಡುಗಿಯ ನಿಜವೇ ಕಳ್ಳಮಾಲಿನಂತೆ ಕಾಣುತ್ತಿತ್ತು.

ಆ ಸಂಜೆ ಮನೆಯಲ್ಲಿ ಅನ್ನದ ಪಾತ್ರೆಗೆ ಎರಡು ಸಲ ಉಪ್ಪು ಬಿತ್ತು. ಸೀಲಕ್ಕನ ಗಂಡ ವಾಚು ರಿಪೇರಿಯವನು, ಮನೆಗೆ ಬಂದರೂ ಕಣ್ಣಿನ ಭೂತಗನ್ನಡಿ ಹಣೆಯ ಮೇಲೆಯೇ ಇರುತ್ತಿತ್ತು. ಒಂದು ತುತ್ತು ಬಾಯಿಗಿಟ್ಟು, “ಏನೇ, ಇವತ್ತು ಸಮುದ್ರಾನೇ ಬಡಿಸಿದೀಯ?” ಎಂದ.

ಅವಳು ಎಲ್ಲ ಹೇಳಿದಳು. ಹೇಳುವಾಗಲೂ ಒಂದೆಡೆ ನಿಲ್ಲಲಿಲ್ಲ, ಅಡುಗೆ ಕಟ್ಟೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆ ಕಟ್ಟೆಗೆ.

“ರೀ, ‘ನಿಮ್ಮ ಸರ್ರಿಗೆ ಹೇಳು’ ಅನ್ಬೇಡಿ. ಹೇಳಿದ್ರೆ ಇಷ್ಟು ವರ್ಷದ್ದೆಲ್ಲ ಹೊರಗೆ ಬರುತ್ತೆ. ನಾಲ್ಕು ವರ್ಷದಲ್ಲಿ ರಿಟೈರಾಗೋಳು ನಾನು.”

“ನಾನು ಏನೂ ಅನ್ಲಿಲ್ವಲ್ಲ.”

“ಮತ್ತೆ ಯಾಕೆ ಹಾಗೆ ನೋಡ್ತೀರಾ?”

“ಭೂತಗನ್ನಡಿ ಕೆಳಗೆ ಬಂತು, ಅದಕ್ಕೆ” ಎಂದ ಅವನು. ಅನ್ನವನ್ನು ತಟ್ಟೆಯ ಅಂಚಿಗೆ ಸರಿಸಿ, ತಟ್ಟೆ ನೋಡುತ್ತಲೇ ಹೇಳಿದ: “ನನ್ನ ಹತ್ರ ಗಿರಾಕಿ ವಾಚು ತರ್ತಾನೆ. ಬಿಚ್ಚಿ ನೋಡ್ದೇನೇ ಸರಿಯಾಗಿದೆ ಅಂತ ಕೊಟ್ಟರೆ, ಅವನು ಬಸ್ಸು ತಪ್ಪಿಸ್ಕೊಳ್ತಾನೆ. ನಾನಲ್ಲ.”

ಸೀಲಕ್ಕ ಅವನ ತಟ್ಟೆಗೆ ಇನ್ನೊಂದು ಸೌಟು ಸಮುದ್ರ ಬಡಿಸಿದಳು. ಆದರೆ ನಿದ್ದೆ ಬರುವ ಮೊದಲೇ ತೀರ್ಮಾನ ಬಂದಿತ್ತು.

ಬುಧವಾರ ಪ್ರೊಫೆಸರರು ಕೋಟಿನ ಗುಂಡಿ ಬಿಚ್ಚುವ ಮೊದಲೇ ಸೀಲಕ್ಕ ಒಳಗೆ ನುಗ್ಗಿದಳು. ಮೇಲ್ ಓದಿಸಿದಳು. ಪ್ರೊಫೆಸರರು ಒಮ್ಮೆ ಓದಿದರು, ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು.

“ನನ್ನ ಪತ್ರದಲ್ಲಿ ಥರ್ಮಾಮೀಟರ್ ಇದೆಯಾ?”

“ಹತ್ತೊಂಬತ್ತು ವರ್ಷದಿಂದ ಇದೆ ಸರ್.”

“ಯಾರು ಹಾಕಿದ್ದು?”

“ನಾನು. ನೀವು ಏನಾದ್ರೂ ಹಾಕಮ್ಮ ಅಂದಿದ್ರಿ. ಹಾಕಿದೆ.”

ಪ್ರೊಫೆಸರರ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. “ನನ್ನ ಮರ್ಯಾದೆ ಮಣ್ಣುಪಾಲು ಮಾಡಿದೆಯಲ್ಲಮ್ಮ! ಮೂರು ಜನ ಅದೇ ಥರ್ಮಾಮೀಟರ್ ಕಂಡುಹಿಡಿದ್ರು ಅಂದ್ರೆ ಅವರು ಏನಂದ್ಕೊಂಡಿರ್ತಾರೆ?”

“ಮೂರಲ್ಲ ಸರ್, ಅವರಿಗೆ ಗೊತ್ತಾಗಿದ್ದು ಮೂರು.”

“ಸುಮ್ನಿರು! ಈಗ ಒಂದೋ ಹೊಸ ಪತ್ರ ಬರೀಬೇಕು, ಇಲ್ಲಾ ಹೊಸ ಥರ್ಮಾಮೀಟರ್ ತರಿಸ್ಬೇಕು!”

“ಎರಡೂ ಬೇಕು ಸರ್” ಎಂದು ಸೀಲಕ್ಕ ಆ ಮೂರು ಹಾಳೆಗಳನ್ನು ಅವರ ಮುಂದಿಟ್ಟಳು.

ಈ ಸಲ ಪ್ರೊಫೆಸರರು ಓದಿದರು. ಓದುತ್ತಿದ್ದಂತೆ ಸಿಟ್ಟು ಇಳಿಯಿತು, ಅದರ ಜಾಗಕ್ಕೆ ಬೇರೇನೋ ಬಂತು. ಎದ್ದು ಬೀರುವಿನ ಬಳಿ ಹೋದರು. ಅಲ್ಲಿ ಗಾಜಿನ ಹಿಂದೆ ಅವರ ಜೀವನದ ಸಾಧನೆಯಾದ ಪ್ರಬಂಧದ ಪ್ರತಿಗಳು ಸಾಲಾಗಿ ನಿಂತಿದ್ದವು. ಒಂದು ಜಾತಿಯ ಮೇವಿನ ಹುಲ್ಲಿನ ಬೀಜ ಇಪ್ಪತ್ತೈದು ಡಿಗ್ರಿಯಲ್ಲಿ ಅತ್ಯುತ್ತಮವಾಗಿ ಮೊಳೆಯುತ್ತದೆ ಎಂದು ಅವರು ಆರು ವರ್ಷಗಳ ಹಿಂದೆ ಸಾರಿದ್ದರು. ಸಾರಿದ್ದು ಈ ಪೆಟ್ಟಿಗೆಯನ್ನು ನಂಬಿ.

“ಒಳಗೆ ಇಪ್ಪತ್ತೆಂಟಿದ್ರೆ ನನ್ನ ಇಪ್ಪತ್ತೈದು ಎಲ್ಲಿ ಹೋಯ್ತು?” ಎಂದರು ಮೆಲ್ಲಗೆ.

ಸೀಲಕ್ಕ ಹೆದರಿದ್ದು ತನ್ನ ಕೆಲಸಕ್ಕೆ. ಈ ಮನುಷ್ಯನ ಹೆದರಿಕೆ ಅದಕ್ಕಿಂತ ದೊಡ್ಡದು ಎಂದು ಈಗ ಕಂಡಿತು.

“ಆ ಹುಡುಗಿ ಸೆಮಿನಾರಲ್ಲಿ ಎದ್ದು ನಿಂತು, ‘ಸರ್, ಬೇರೆ ಪೆಟ್ಟಿಗೇಲಿ ಇಪ್ಪತ್ತೈದಕ್ಕಿಟ್ರೆ ನಿಮ್ಮ ಅಂಕಿ ನಂಗೆ ಬರ್ತಿಲ್ಲ, ಯಾಕೆ?’ ಅಂದಿದ್ಲು” ಎಂದರು ಪ್ರೊಫೆಸರರು. “‘ಎಣಿಕೆ ಸರಿಯಾಗಿ ಬರಲ್ಲ ನಿಂಗೆ, ಮತ್ತೆ ಮಾಡು’ ಅಂದೆ. ಮತ್ತೆ ಮಾಡಿದ್ಲು. ನೂರು ನೂರು ಬೀಜದ ನಾಲ್ಕು ತಟ್ಟೆ, ಮೂರು ಸಲ. ಆಮೇಲೆ ನಮ್ಮ ಪೆಟ್ಟಿಗೇನೇ ಪರೀಕ್ಷೆ ಮಾಡಿದ್ದಾಳೆ ನೋಡು.” ಹಾಳೆಗಳನ್ನು ಮೇಜಿನ ಮೇಲಿಟ್ಟು, ಮತ್ತೆ ಕೈಗೆ ತೆಗೆದುಕೊಂಡು, ಮತ್ತೆ ಇಟ್ಟರು. “ಬೇರೆ ಏನಾದ್ರೂ ಬರೆಯೋಣ. ಸೂಕ್ಷ್ಮದರ್ಶಕ, ಅದೂ ಇದೂ.”

“ಸೂಕ್ಷ್ಮದರ್ಶಕ ನಾನು ನಿನ್ನೇನೇ ಯೋಚಿಸಿ ಬಿಟ್ಟೆ ಸರ್. ಫೋನಲ್ಲಿ ಕೇಳ್ತಾರೆ. ಥರ್ಮಾಮೀಟರ್ ಎಲ್ಲಿ ಹೋಯ್ತು ಅಂತ ಮೊದಲ ಪ್ರಶ್ನೇನೇ ಕೇಳ್ತಾರೆ.”

“ಅವಳಿಗೆ ಸೀಟು ಸಿಗ್ದಿದ್ರೆ ಪ್ರಪಂಚ ಮುಳುಗುತ್ತಾ?”

“ಅವಳ ಪ್ರಪಂಚ ಮುಳುಗುತ್ತೆ ಸರ್. ಅದರಲ್ಲಿ ನಂದರ್ಧ ಪಾಲು, ನಿಮ್ದರ್ಧ.”

ಇಷ್ಟು ವರ್ಷಗಳಲ್ಲಿ ಆ ಕೋಣೆಯಲ್ಲಿ ಯಾರೂ ಪ್ರೊಫೆಸರರಿಗೆ ಇಂಥ ಮಾತು ಆಡಿರಲಿಲ್ಲ. ಅವರು ಹಾಳೆಗಳನ್ನು ಮತ್ತೆ ಕೈಗೆತ್ತಿಕೊಂಡರು. ಆಮೇಲೆ, “ಭೌತವಿಜ್ಞಾನದವರ ಹತ್ರ ಆ ಥರ್ಮಾಮೀಟರ್ ಇನ್ನೂ ಇದೆಯಾ ಕೇಳು” ಎಂದರು.

ಯುದ್ಧಕ್ಕೆ ಹೊರಟ ಸೇನೆಯಂತೆ ಇಬ್ಬರೂ ಪ್ರಯೋಗಾಲಯ ಪ್ರವೇಶಿಸಿದರು. ಮುಂದೆ ಎರವಲು ಥರ್ಮಾಮೀಟರನ್ನು ಕತ್ತಿಯಂತೆ ಹಿಡಿದ ಪ್ರೊಫೆಸರರು, ಹಿಂದೆ ಕೈಚೀಲವೇ ಗುರಾಣಿಯಾದ ಸೀಲಕ್ಕ. ಪೆಟ್ಟಿಗೆಯ ಬಾಗಿಲ ಮೇಲೆ, ದುಂಡು ಮುಖದ ಪಕ್ಕದಲ್ಲಿ ಸಣ್ಣ ಚೀಟಿಯೊಂದು ಅಂಟಿತ್ತು: ‘ಇದು ತೋರಿಸಿದ್ದಕ್ಕೆ ಮೂರು ಸೇರಿಸಿಕೊಳ್ಳಿ.’ ಎಂಟು ತಿಂಗಳಿಂದ ಅಂಟಿಕೊಂಡೇ ಇತ್ತು. ಇಬ್ಬರೂ ದಿನಕ್ಕೆ ಹತ್ತು ಸಲ ಅದರ ಮುಂದೆ ಹಾದುಹೋಗಿದ್ದರು.

ಥರ್ಮಾಮೀಟರ್ ಒಳಗಿಟ್ಟು ಬಾಗಿಲು ಮುಚ್ಚಿ ಕಾಯಬೇಕಾಯಿತು. ಪ್ರೊಫೆಸರರು ಎರಡು ನಿಮಿಷಕ್ಕೊಮ್ಮೆ ಬಾಗಿಲಿನತ್ತ ಕೈ ಚಾಚುವುದು, ಸೀಲಕ್ಕ “ಸರ್, ಬಿಸಿ ಹೊರಗೆ ಹೋಗುತ್ತೆ” ಎಂದು ಗದರುವುದು, ಹೀಗೆ ಅರ್ಧ ಗಂಟೆ ಕಳೆಯಿತು. ಕೊನೆಗೆ ತೆರೆದು, ಇಬ್ಬರೂ ತಲೆಗೆ ತಲೆ ಸೇರಿಸಿ ಬಗ್ಗಿ ನೋಡಿದರು.

ಹೊರಗೆ ಇಪ್ಪತ್ತೈದು. ಒಳಗೆ ಇಪ್ಪತ್ತೆಂಟು.

“ಥೂ!” ಎಂದರು ಪ್ರೊಫೆಸರರು. ಮರುಕ್ಷಣ ಏನಾಯಿತೋ, ಹೊಟ್ಟೆ ಹಿಡಿದು ನಗತೊಡಗಿದರು. “ನೀನು ಎರಡು ಅಂತ ಸುಳ್ಳು ಬರೆದಿದ್ದೆ. ಸುಳ್ಳು ಬರೆಯೋದಾದ್ರೆ ಮೂರು ಅಂತಾದ್ರೂ ಬರೀಬಾರದಿತ್ತಾ!”

ಮಧ್ಯಾಹ್ನ ಪ್ರೊಫೆಸರರು ಬಾಗಿಲು ಹಾಕಿಕೊಂಡು ಬರೆಯಲು ಕೂತರು. ಹತ್ತೊಂಬತ್ತು ವರ್ಷ ಬರೆಯದ ಪತ್ರ ಒಮ್ಮೆಲೇ ಬರುತ್ತದೆಯೇ? ಪೆನ್ನು ಒಣಗಿತ್ತು, ಸೀಲಕ್ಕ ಬೇರೆ ಪೆನ್ನು ಕೊಟ್ಟಳು. ಮೊದಲ ಕರಡು ‘ಅತ್ಯಂತ ಸಂತೋಷದಿಂದ’ ಎಂದು ಶುರುವಾಗಿ ಅಲ್ಲೇ ಸತ್ತಿತು. ಎರಡನೆಯದರಲ್ಲಿ ‘ಶ್ರಮಜೀವಿ’ ಬಂತು. “ಅದು ಎಲ್ಲರಿಗೂ ಆಯ್ತು ಸರ್” ಎಂದು ಸೀಲಕ್ಕ ಬಾಗಿಲ ಸಂದಿಯಿಂದಲೇ ಹೊಡೆದುಹಾಕಿಸಿದಳು. ಮೂರನೆಯದಕ್ಕೆ ಪ್ರೊಫೆಸರರು ಆಣೆಗೂ ಅವಳನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. “ಗುಟ್ಟಿನ ಪತ್ರ ಇದು. ಹೋಗಾಚೆ!” ಕಸದ ಬುಟ್ಟಿ ತುಂಬಿತು. ಹೊರಗೆ ಸೀಲಕ್ಕ ಮೂರು ಸಲ ಮೇಜು ಒರೆಸಿದಳು, ಗುಂಡುಸೂಜಿಗಳನ್ನು ಗಾತ್ರದ ಪ್ರಕಾರ ಜೋಡಿಸಿದಳು. ಯಾಕಮ್ಮ ಎರಡು ಸಲ ಬಂದು ಎರಡು ಸಲವೂ ಬಾಗಿಲಲ್ಲೇ ನಿಂತು ಹೋದಳು. ಈ ಸಲ ಪ್ರಶ್ನೆ ಕೇಳಲಿಲ್ಲ. ಅದು ಸೀಲಕ್ಕನಿಗೆ ಹೆಚ್ಚು ದಿಗಿಲು ಹುಟ್ಟಿಸಿತು.

ಗುರುವಾರ ಸಂಜೆ ಆರಕ್ಕೆ ಫೋನು ಬಂತು. ಅಲ್ಲಿ ಆಗಿನ್ನೂ ಬೆಳಗಿನ ಹೊತ್ತು, ಗಡುವಿಗೆ ಇನ್ನೂ ಗಂಟೆಗಳಿದ್ದವು. ಸೀಲಕ್ಕ ಹೊರಗೆ ಹೋಗಬೇಕಿತ್ತು, ಹೋಗಲಿಲ್ಲ. ಬೀರುವಿನ ಪಕ್ಕದಲ್ಲಿ ಇನ್ನೊಂದು ಬೀರುವಿನಂತೆ ನಿಂತಳು.

ಆಚೆಯ ದನಿ ಹೆಂಗಸಿನದು, ಚುಟುಕು ಮಾತು. ಅಭ್ಯರ್ಥಿಯನ್ನು ಎಷ್ಟು ವರ್ಷದಿಂದ ಬಲ್ಲಿರಿ? ಮೂರು. ಯಾವ ಕೆಲಸದಲ್ಲಿ ಹತ್ತಿರದಿಂದ ನೋಡಿದ್ದೀರಿ? ಕೊನೆಯ ವರ್ಷದ ಪ್ರಾಜೆಕ್ಟಿನಲ್ಲಿ. ಹಿಂದಿನ ಪತ್ರಗಳ ಬಗ್ಗೆ ಏನು ಹೇಳುತ್ತೀರಿ?

ಪ್ರೊಫೆಸರರು ಸೀಲಕ್ಕನತ್ತ ನೋಡಿದರು. ಸೀಲಕ್ಕ ನೆಲ ನೋಡಿದಳು. ಈಗ ತನ್ನ ಹೆಸರು ಬರುತ್ತದೆ, ಬರಲಿ ಎಂದು ಹಲ್ಲು ಕಚ್ಚಿದಳು.

“ಅವು ನಾನು ಬರೆದವಲ್ಲ. ಓದದೆ ಸಹಿ ಹಾಕಿದ್ದೆ. ತಪ್ಪು ನನ್ನದು” ಎಂದರು ಪ್ರೊಫೆಸರರು. “ಆ ಇಬ್ಬರಲ್ಲಿ ಯಾರೂ ಥರ್ಮಾಮೀಟರ್ ಮುಟ್ಟಿಲ್ಲ. ಈ ಹುಡುಗಿ ಮುಟ್ಟಿದ್ದಾಳೆ. ಅವಳು ಅಳೆದ ಪಟ್ಟಿಯನ್ನು ಪತ್ರದ ಜೊತೆ ಇಟ್ಟಿದ್ದೇನೆ. ನಿನ್ನೆ ನಾನೂ ಅಳೆದೆ. ಅವಳು ಸರಿ. ಇದರಿಂದ ನನ್ನದೇ ಒಂದು ಪ್ರಬಂಧ ತಪ್ಪಾಗುತ್ತೆ, ಅದರ ಹೆಸರನ್ನೂ ಪತ್ರದಲ್ಲಿ ಬರೆದಿದ್ದೇನೆ.”

ಸೀಲಕ್ಕನ ಕೈಯಲ್ಲಿ ಕೈಚೀಲದ ಜಿಪ್ಪು ಹಿಂದೆ ಮುಂದೆ ಓಡಾಡುತ್ತಿತ್ತು. ಆಮೇಲೆ ಆ ದನಿ ಇನ್ನೂ ಒಂದು ಪ್ರಶ್ನೆ ಕೇಳಿತು: ಅವಳಲ್ಲಿ ದೋಷವೇನಾದರೂ ಇದೆಯೇ?

“ಇದೆ. ಬಿಡೋದಿಲ್ಲ. ಒಂದು ವಿಷಯ ಹಿಡಿದರೆ ಎದುರಿಗಿರೋರಿಗೆ ನೆಮ್ಮದಿ ಇರೋದಿಲ್ಲ. ನಿಮಗೂ ಇರೋದಿಲ್ಲ, ಈಗಲೇ ಹೇಳಿದ್ದೇನೆ.”

ಫೋನು ಇಟ್ಟ ಮೇಲೆ ಪ್ರೊಫೆಸರರು ಬೆವರು ಒರೆಸಿಕೊಂಡರು. ಸೀಲಕ್ಕ ಪತ್ರವನ್ನು ಸ್ಕ್ಯಾನ್ ಮಾಡಲು ಎತ್ತಿಕೊಂಡಳು. ತಲೆಬರಹದ ಹಾಳೆಯ ಮೇಲೆ ಪ್ರೊಫೆಸರರ ಕೈಬರಹ, ಸಾಲುಗಳು ಸ್ವಲ್ಪ ಇಳಿಜಾರು. ಸಹಿ ಈ ಸಲ ಸಂತೋಷವಾಗಿರಲಿಲ್ಲ. ಅಭ್ಯಾಸದಂತೆ ಸೀಲಕ್ಕ ಚೀಲದಿಂದ ಸೀಲು ತೆಗೆದಳು.

“ಓದಬೇಡ” ಎಂದರು ಪ್ರೊಫೆಸರರು.

“ಓದಲ್ಲ ಸರ್” ಎಂದು ಓದುತ್ತಲೇ ಒತ್ತಿದಳು. ಮಟ್ಟ ಕೇಳುವ ಚೌಕದಲ್ಲಿ ಪ್ರೊಫೆಸರರು ಈ ಸಲ ‘ಮೊದಲ ಒಂದು ಶೇಕಡಾ’ ಎಂಬಲ್ಲಿ ಗುರುತು ಹಾಕಿದರು. ಆ ಚೌಕ ಹತ್ತೊಂಬತ್ತು ವರ್ಷದಿಂದ ಖಾಲಿಯಾಗಿಯೇ ಇತ್ತು.

ಏಳು ವಾರ ಕಳೆದವು. ಸೀಲಕ್ಕನ ಲೆಕ್ಕದಲ್ಲಿ ಏಳು ವರ್ಷ. ಪ್ರತಿದಿನ ಬೆಳಿಗ್ಗೆ ಮೇಲ್ ತೆರೆಯುವ ಮೊದಲು ಎರಡು ಸಲ ಕುರ್ಚಿ ಬದಲಾಯಿಸುತ್ತಿದ್ದಳು. ಕೊನೆಗೆ ಸುದ್ದಿ ಬಂದದ್ದು ಇಮೇಲಿನಲ್ಲಲ್ಲ, ಚಪ್ಪಲಿಯ ಸದ್ದಿನಲ್ಲಿ. ಯಾಕಮ್ಮ ಓಡಿ ಬಂದವಳು ಬಾಗಿಲಿಗೆ ಹಾಯ್ದು ನಿಂತಳು, ಉಸಿರು ಸಿಗುತ್ತಿರಲಿಲ್ಲ.

“ಸಿಕ್ತು ಅಕ್ಕಾ. ಪೂರ್ತಿ. ವೇತನಾನೂ.”

ಸೀಲಕ್ಕ ಗುಂಡುಸೂಜಿಯ ಡಬ್ಬಿಯನ್ನು ಎಡಗಡೆಯಿಂದ ಬಲಗಡೆಗೆ ಇಟ್ಟಳು. ಕಡೆಗೆ ಬಾಯಿಗೆ ಬಂದದ್ದು, “ಅಮ್ಮಂಗೆ ಹೇಳಿದ್ಯಾ?”

“ಹೇಳ್ದೆ. ಅವಳು ಕಾಜಾ ಹಾಕ್ತಿದ್ದ ಅಂಗಿಗೆ ಏಳು ಗುಂಡಿಗೆ ಎಂಟು ಕಾಜಾ ಹಾಕ್ಬಿಟ್ಟಿದ್ದಾಳೆ.” ಹುಡುಗಿ ನಕ್ಕಳು. ನಗು ನಿಂತೊಡನೆ ಕಣ್ಣು ಕಿರಿದು ಮಾಡಿ ಕೇಳಿದಳು: “ಅಕ್ಕಾ, ಸರ್ ನನ್ನ ಬಗ್ಗೆ ಏನು ಬರೆದಿದ್ರು?”

“ಅದನ್ನ ಕೇಳೋ ಹಕ್ಕು ನೀನೇ ಬಿಟ್ಟುಕೊಟ್ಟಿದ್ದೀಯ.”

“ಯಾಕೆ ಬಿಟ್ಟುಕೊಟ್ನೋ! ಹೋಗ್ಲಿ, ಥರ್ಮಾಮೀಟರ್ ಬಂತಾ?”

“ಮೂರು ಅಂಗಡಿಯವರಿಂದ ದರಪಟ್ಟಿ ಬರ್ಬೇಕು. ಎರಡು ಬಂದಿದೆ.”

“ಮೂರನೇದು ಯಾಕೆ ಬಂದಿಲ್ಲ?”

ಸೀಲಕ್ಕ ಕೈಮುಗಿದಳು. “ತಾಯೀ, ನೀನು ಬೇಗ ವಿಮಾನ ಹತ್ತು.”

ಈಗ ಮೂಲಪತ್ರವಿಲ್ಲ. ಸೀಲಕ್ಕ ಅದನ್ನು ತಾನೇ ಅಳಿಸಿದಳು, ಅಳಿಸುವಾಗ ‘ಖಚಿತವೇ?’ ಎಂದು ಕಂಪ್ಯೂಟರು ಕೇಳಿದ್ದಕ್ಕೆ ಎರಡು ಸಲ ಹೊರಗೆ ಹೋಗಿಬಂದಳು. ಶಿಫಾರಸು ಬೇಕೆಂದು ಬಂದ ಮಕ್ಕಳನ್ನು ಒಬ್ಬೊಬ್ಬರಾಗಿ ಪ್ರೊಫೆಸರರ ಕೋಣೆಗೆ ದೂಡುತ್ತಾಳೆ, ಅರ್ಧ ಗಂಟೆ ಮಾತಾಡದೆ ಹೊರಗೆ ಬಿಡುವುದಿಲ್ಲ. ಹೋದ ಸೋಮವಾರ ನಾಲ್ಕು ಮಂದಿ ಸಾಲುಗಟ್ಟಿದ್ದನ್ನು ಕಂಡು ಪ್ರೊಫೆಸರರು ಹಿಂಬಾಗಿಲಿಂದ ಜಾರಿಕೊಳ್ಳಲು ನೋಡಿದರು. ಅಲ್ಲಿ ಕುರ್ಚಿ ಹಾಕಿಕೊಂಡು ಸೀಲಕ್ಕ ಕೂತಿದ್ದಳು.

ಮೊಳಕೆ ಪೆಟ್ಟಿಗೆಯ ಮೇಲಿನ ಚೀಟಿ ಹಾಗೆಯೇ ಇದೆ. ‘ಇದು ತೋರಿಸಿದ್ದಕ್ಕೆ ಮೂರು ಸೇರಿಸಿಕೊಳ್ಳಿ.’ ಯಾರಾದರೂ ಕಿತ್ತುಹಾಕಿಬಿಟ್ಟಾರೆಂದು ಸೀಲಕ್ಕ ಅದರ ಮೂಲೆಗೆ ವಿಭಾಗದ ದುಂಡು ಸೀಲನ್ನು ಒತ್ತಿದ್ದಾಳೆ. ಈ ಸಲ ಒತ್ತುವ ಮೊದಲು ಎರಡು ಸಲ ಓದಿದಳು.